ಕೌದಿ, ಚೋಟು, ಆರು ಡೆಸಿಬೆಲ್: ಮನೆಯಲ್ಲೇ ದನಿ ರೆಕಾರ್ಡ್ ಮಾಡಿದ ಲೆಕ್ಕ

ಆಡಿಯೋ ಪುಸ್ತಕ ಹೊರತರುವವರಿಗೆ ಕಳಿಸಿದ ನನ್ನ ಓದಿನ ಸ್ಯಾಂಪಲ್ ವಾಪಸ್ ಬಂತು. ಉತ್ತರ ಎರಡೇ ಸಾಲು. ಒಂದು, ಮಾತಿಲ್ಲದ ಜಾಗದಲ್ಲಿ ಸದ್ದು -49 ಡೆಸಿಬೆಲ್ ಇದೆ, -60ಕ್ಕಿಂತ ಕೆಳಗಿರಬೇಕು. ಎರಡು, ಕೋಣೆ ಕೇಳಿಸುತ್ತಿದೆ, ಅಂದರೆ ಗೋಡೆಗೆ ಬಡಿದು ಬರುವ ಪ್ರತಿಧ್ವನಿ.

ನಾನೇ ಬರೆದ ಮಕ್ಕಳ ಕಥೆಗಳು, ಒಟ್ಟು 11. ಓದಿದರೆ ಒಂದೂವರೆ ಗಂಟೆ ಮೀರುತ್ತದೆ. ಆಡಿಯೋ ಪುಸ್ತಕ ಮಾಡೋಣ ಅಂತ ಹೊರಟಿದ್ದೆ. ಧಾರವಾಡದ ನಮ್ಮ ಮನೆಯ ಹಿಂದಿನ ಕೋಣೆ, 10 ಅಡಿಗೆ 11 ಅಡಿ. ನೆಲಕ್ಕೆ ಟೈಲ್ಸ್, ನಾಲ್ಕೂ ಕಡೆ ಬೋಳು ಗೋಡೆ, ಒಂದು ಕಬ್ಬಿಣದ ಅಲ್ಮೇರಾ, ಅದರ ಎದುರಿನ ಗೋಡೆಯಲ್ಲಿ ಅಟ್ಟ. ಮೈಕ್ ಯುಎಸ್‌ಬಿ ಕಂಡೆನ್ಸರ್, ಸೆಕೆಂಡ್ ಹ್ಯಾಂಡ್, 4,200 ರೂಪಾಯಿ. ಸಾಫ್ಟ್‌ವೇರ್ ಪುಕ್ಕಟೆ ಸಿಗುವ ಆಡಾಸಿಟಿ.

ಸ್ಯಾಂಪಲ್ ವಾಪಸ್ ಬಂದದ್ದು ಮೇ ಕೊನೆಗೆ. ಆಮೇಲೆ ಮೂರು ವಾರ ಏನೇನು ಮಾಡಿದೆ, ಎಲ್ಲಿ ದುಡ್ಡು ದಂಡ ಆಯಿತು, ಎಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನೇ ಇಲ್ಲಿ ಇಳಿಸುತ್ತಿದ್ದೇನೆ.

ಜೂನ್ 1: ಫೋಮ್ ತಂದೆ, ದಂಡ

ಎಲ್ಲರ ವಿಡಿಯೋದಲ್ಲೂ ಹಿಂದೆ ಕಪ್ಪು ಫೋಮ್ ಇರುತ್ತದೆ ಅಲ್ವಾ? ನಾನೂ ಒಂದು ಇಂಚು ದಪ್ಪದ 12 ತುಂಡು ತರಿಸಿದೆ. 900 ರೂಪಾಯಿ. ಮೇಜಿನ ಎದುರಿನ ಗೋಡೆಗೆ, ಅಂದರೆ ಮೈಕಿನ ಬೆನ್ನ ಹಿಂದೆ, ಡಬಲ್ ಟೇಪ್ ಹಾಕಿ ಅಂಟಿಸಿದೆ. ಮೇಲಿಂದ ಒಂದು ಕಂಬಳಿಯನ್ನೂ ಇಳಿಬಿಟ್ಟೆ.

ಕೇಳಿದರೆ ಮೊದಲಿನ ಹಾಗೇ ಇದೆ. ಚಪ್ಪಾಳೆ ತಟ್ಟಿದರೆ ಮೊದಲಿನ ಹಾಗೇ ಟಣ್ ಅನ್ನುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಮೂರು ಫೋಮ್ ನೆಲದ ಮೇಲೆ ಬಿದ್ದಿದ್ದವು, ಜೊತೆಗೆ ಗೋಡೆಯ ಬಣ್ಣವೂ ಕಿತ್ತು ಬಂದಿತ್ತು.

ಜೂನ್ 2: ಅಳೆಯುವುದು ಕಲಿತೆ

ಕಿವಿಯನ್ನೇ ನಂಬಿಕೊಂಡು ಹೋದರೆ ಆಗುವುದಿಲ್ಲ ಅನ್ನಿಸಿತು. ಒಂದು ಪರೀಕ್ಷೆ ಮಾಡಿಕೊಂಡೆ. ಏನೇ ಬದಲಿಸಿದರೂ ಅದೇ ಒಂದು ಪ್ಯಾರಾ ಅರ್ಧ ನಿಮಿಷ ಓದುವುದು. ಆಮೇಲೆ ಹತ್ತು ಸೆಕೆಂಡ್ ಅಲುಗಾಡದೆ ಸುಮ್ನೆ ಕೂರುವುದು. ಮೈಕ್ ಸದ್ದನ್ನು ಎಷ್ಟು ಏರಿಸಿ ಹಿಡಿಯಬೇಕು ಅನ್ನುವ ಗೇನ್ ಗುಂಡಿಯನ್ನು ಮಾತ್ರ ಮುಟ್ಟುವ ಹಾಗಿಲ್ಲ.

ಆಡಾಸಿಟಿಯ `Analyze` ಮೆನುವಿನಲ್ಲಿ `Contrast` ಅಂತ ಒಂದಿದೆ. ಮಾತಿನ ಭಾಗ ಆರಿಸಿ ಒಂದು ಸಲ ಅಳೆಯಬೇಕು, ಮೌನದ ಭಾಗ ಆರಿಸಿ ಇನ್ನೊಂದು ಸಲ. ಎರಡರ ಸರಾಸರಿ ಮಟ್ಟವನ್ನೂ ನಡುವಿನ ಅಂತರವನ್ನೂ ಡೆಸಿಬೆಲ್‌ನಲ್ಲಿ ಕೊಡುತ್ತದೆ. ಎಲ್ಲಾ ಮೈನಸ್ ಸಂಖ್ಯೆಗಳೇ. ಸೊನ್ನೆಗೆ ಹತ್ತಿರ ಬಂದಷ್ಟೂ ಸದ್ದು ದೊಡ್ಡದು.

ಫೋಮ್ ಇಲ್ಲದಾಗ: ಮಾತು -35, ಮೌನ -64. ಅಂತರ 29.
ಫೋಮ್, ಕಂಬಳಿ ಎರಡೂ ಇದ್ದಾಗ: ಮಾತು -36, ಮೌನ -65. ಅಂತರ 29.

ಮೌನ -64 ಇದ್ದರೆ ಪಾಸ್ ಆಗಬೇಕಿತ್ತಲ್ಲ, -49 ಅಂತ ಯಾಕೆ ಬರೆದರು? ಅರ್ಧ ದಿನ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಮಾತು -23ರಿಂದ -18ರ ನಡುವೆ ಇರಬೇಕು ಅನ್ನುವ ಇನ್ನೊಂದು ನಿಯಮ ಇದೆ. ಅದಕ್ಕಾಗಿ ನಾನೇ ಕಳಿಸುವ ಮುಂಚೆ ಫೈಲನ್ನು 15 ಡೆಸಿಬೆಲ್ ಏರಿಸಿದ್ದೆ. ಮಾತು -35ರಿಂದ -20ಕ್ಕೆ ಬಂತು. ಅದರ ಜೊತೆಗೇ ಮೌನವೂ -64ರಿಂದ -49ಕ್ಕೆ ಏರಿತು. ದನಿ ಏರಿಸಿದರೆ ಹಿಂದಿನ ಗೊರಗೊರವೂ ಅಷ್ಟೇ ಏರುತ್ತದೆ. ಹಾಗಾಗಿ ಮೌನದ ಸಂಖ್ಯೆ ಒಂದನ್ನೇ ನೋಡಿ ಪ್ರಯೋಜನ ಇಲ್ಲ. ಮಾತನ್ನು -20ಕ್ಕೆ ತರಬೇಕಾದರೆ ಮಾತಿಗೂ ಮೌನಕ್ಕೂ ನಡುವಿನ ಅಂತರ ಕನಿಷ್ಠ 40 ಇರಬೇಕು. ನನ್ನ ಹತ್ತಿರ ಇದ್ದದ್ದು 29. ಉಳಿದ 11 ಎಲ್ಲಿಂದಲಾದರೂ ಹುಟ್ಟಿಸಬೇಕು.

ಕಂಬಳಿ, ಫೋಮ್ ಹಾಕಿದರೂ ಆ ಅಂತರ ಒಂದು ಚೂರೂ ಬದಲಾಗಲಿಲ್ಲ ನೋಡಿ. ಬಟ್ಟೆ ಹೊರಗಿನ ಸದ್ದನ್ನು ತಡೆಯುತ್ತದೆ ಅಂದುಕೊಂಡಿದ್ದೆ. ತಡೆಯುವುದಿಲ್ಲ. ಹೊರಗಿನ ಸದ್ದು ತಡೆಯಲು ಗೋಡೆಯಂಥ ಭಾರ ಬೇಕು, ಬಿರುಕಿಲ್ಲದ ಬಾಗಿಲು ಬೇಕು. ಬಟ್ಟೆ ಮಾಡುವ ಕೆಲಸ ಬೇರೆ. ಕೋಣೆಯೊಳಗೆ ಹುಟ್ಟಿದ ಸದ್ದು ಗೋಡೆಗೆ ಬಡಿದು ವಾಪಸ್ ಬರುವುದನ್ನು ಅದು ಕಡಿಮೆ ಮಾಡುತ್ತದೆ. ವಾಪಸ್ ಬಂದ ಪತ್ರದಲ್ಲಿ ಎರಡು ಬೇರೆ ಬೇರೆ ರೋಗ ಬರೆದಿದ್ದರು. ನಾನು ಎರಡಕ್ಕೂ ಒಂದೇ ಔಷಧಿ ಹಚ್ಚುತ್ತಿದ್ದೆ.

ಜೂನ್ 4: ಸದ್ದಿನ ಬೇಟೆ

ಫ್ಯಾನ್ ಮೊದಲೇ ಬಂದ್ ಮಾಡಿದ್ದೆ. ಈ ಸಲ ಹೆಡ್‌ಫೋನ್ ಹಾಕಿಕೊಂಡು, ಗೇನ್ ಪೂರ್ತಿ ಏರಿಸಿ, ಏನೇನು ಕೇಳುತ್ತದೆ ಅಂತ ಕೂತೆ. ಕಿವಿ ದಿನವೂ ಕೇಳಿ ಕೇಳಿ ಮರೆತುಬಿಟ್ಟ ಸದ್ದುಗಳು ಒಂದೊಂದಾಗಿ ಹೊರಗೆ ಬಂದವು. (ಕೇಳಿ ಆದಮೇಲೆ ಗೇನ್ ಮತ್ತೆ ಮೊದಲಿನ ಗುರುತಿಗೇ ತಂದೆ. ಗುಂಡಿಯ ಮೇಲೆ ಪೆನ್ನಿನಿಂದ ಗೆರೆ ಎಳೆದಿಟ್ಟಿದ್ದೇನೆ.)

ಗೋಡೆಯಾಚೆ ಅಡುಗೆಮನೆಯ ಫ್ರಿಜ್. ಅದನ್ನು ಬಂದ್ ಮಾಡಿದ ಕೂಡಲೇ ಮೌನ -66ಕ್ಕೆ ಇಳಿಯಿತು. ಮೇಜಿನ ಮೇಲಿನ ಲ್ಯಾಪ್‌ಟಾಪಿನ ಒಳಫ್ಯಾನ್ ಇನ್ನೊಂದು ಕಳ್ಳ. 3 ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ತಂದೆ, 220 ರೂಪಾಯಿ. ಲ್ಯಾಪ್‌ಟಾಪನ್ನು ಮೈಕಿನ ಬೆನ್ನ ಹಿಂದೆ, ದೂರದ ಮೂಲೆಯಲ್ಲಿ ನೆಲದ ಮೇಲೆ ಇಟ್ಟೆ. ಮೌನ -68. ನನ್ನ ಮೈಕ್ ಕಾರ್ಡಿಯಾಯ್ಡ್ ಜಾತಿಯದು. ಮುಂದಿನದನ್ನು ಚೆನ್ನಾಗಿ ಕೇಳುತ್ತದೆ, ನೇರ ಬೆನ್ನ ಹಿಂದಿನದಕ್ಕೆ ಹೆಚ್ಚುಕಡಿಮೆ ಕಿವುಡು. ಆದ್ದರಿಂದ ಬಂದ್ ಮಾಡಲು ಆಗದ ಸದ್ದು ಯಾವ ಕಡೆ ಇದೆಯೋ ಆ ಕಡೆಗೆ ಮೈಕಿನ ಬೆನ್ನು ತಿರುಗಿಸಬೇಕು.

ಚಾರ್ಜರ್ ಹಾಕಿದಾಗ ಒಂದು ಸಣ್ಣ ಗುಂಯ್ ಬರುತ್ತಿತ್ತು. ಕಿತ್ತರೆ ಹೋಯಿತು. ಅವತ್ತಿನಿಂದ ಬ್ಯಾಟರಿಯಲ್ಲೇ ರೆಕಾರ್ಡಿಂಗ್. ಹಳೆಯ ಚೋಕಿನ ಟ್ಯೂಬ್‌ಲೈಟಿನದೂ ಒಂದು ಗುಂಯ್ ಇತ್ತು, ಅದನ್ನೂ ಆರಿಸಿ ಎಲ್‌ಇಡಿ ಬಲ್ಬ್ ಹಾಕಿಕೊಂಡೆ.

ಫ್ರಿಜ್ ವಿಷಯದಲ್ಲಿ ಮರುದಿನವೇ ಪಾಠ ಕಲಿತೆ. ಬಂದ್ ಮಾಡಿದವಳು ಶುರು ಮಾಡಲು ಮರೆತೆ. ಎರಡು ಲೀಟರ್ ಹಾಲು ಒಡೆಯಿತು. ಈಗ ಸ್ಕೂಟಿ ಚಾವಿ ಫ್ರಿಜ್ಜಿನೊಳಗೆ ಇಟ್ಟು ಸ್ವಿಚ್ ಆರಿಸುತ್ತೇನೆ. ಸ್ಕೂಲಿಗೆ ಹೊರಟಾಗ ಚಾವಿ ಹುಡುಕಲೇಬೇಕು, ಆಗ ನೆನಪಾಗುತ್ತದೆ.

ಅಂತರ ಈಗ 33. ಇನ್ನೂ 7 ಬೇಕು.

ಜೂನ್ 6: ಚೋಟಿನ ಲೆಕ್ಕ

ಅಲ್ಲಿಯವರೆಗೆ ಮೈಕನ್ನು ಬಾಯಿಯಿಂದ 45 ಸೆಂಟಿಮೀಟರ್ ದೂರ ಇಟ್ಟಿದ್ದೆ, ಎರಡು ಗೇಣು. ಮೇಜಿನ ಮೇಲೆ ಅದರದೇ ಪುಟಾಣಿ ಸ್ಟ್ಯಾಂಡ್ ಇದ್ದದ್ದರಿಂದ ಅಲ್ಲೇ ಕೂರಿಸಿದ್ದೆ, ಬೇರೆ ಕಾರಣ ಇಲ್ಲ.

ಬಾಯಿಗೂ ಮೈಕಿಗೂ ನಡುವಿನ ದೂರ ಅರ್ಧ ಆದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ದೂರ ಮೂರನೇ ಒಂದು ಆದರೆ ಒಂಬತ್ತೂವರೆ. ರಸ್ತೆಯ ಸದ್ದು, ಫ್ರಿಜ್ಜಿನ ಸದ್ದು, ಗೋಡೆಯಿಂದ ವಾಪಸ್ ಬರುವ ಸದ್ದು ಮಾತ್ರ ಹಾಗೇ ಇರುತ್ತವೆ. ನಾನು ಮೈಕಿಗೆ ಹತ್ತಿರ ಹೋದರೆ ಅವೇನೂ ಹತ್ತಿರ ಬರುವುದಿಲ್ಲವಲ್ಲ. ಅಂದರೆ ಇಲ್ಲಿ ಸಿಗುವ ಪ್ರತಿ ಡೆಸಿಬೆಲ್ಲೂ ಪೂರ್ತಿ ಲಾಭ.

ಮೈಕನ್ನು ಬೇಕಾದಲ್ಲಿಗೆ ಚಾಚಿ ಹಿಡಿಯುವ ಬೂಮ್ ಆರ್ಮ್ ತಂದೆ, 950. ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್ 280. ಮೈಕನ್ನು 15 ಸೆಂಟಿಮೀಟರಿಗೆ ತಂದೆ. ಮಾತು -26, ಮೌನ -68. ಅಂತರ 42!

ಖುಷಿ ತಡೆಯಲಾರದೆ ಇನ್ನೂ ಹತ್ತಿರ ಹೋದೆ, 5 ಸೆಂಟಿಮೀಟರ್. ಅಂತರ 50ರ ಹತ್ತಿರ ಹೋಯಿತು, ದನಿ ಮಾತ್ರ ಕೆಟ್ಟುಹೋಯಿತು. ಇಂಥ ಮೈಕ್ ಹತ್ತಿರ ಹೋದಷ್ಟೂ ಕೆಳಸ್ವರವನ್ನು ಉಬ್ಬಿಸುತ್ತದೆ. ಅಜ್ಜಿಕಥೆ ಹೇಳುವ ಬದಲು ಮಡಕೆಯೊಳಗೆ ಮುಖ ಇಟ್ಟು ಬೆದರಿಸಿದ ಹಾಗೆ ಕೇಳಿಸಿತು. ನಾಲಿಗೆ ಅಂಗುಳಕ್ಕೆ ಅಂಟಿ ಬಿಡುವ ಚಿಟಿಚಿಟಿ ಬೇರೆ. ತಲೆ ಒಂದು ಇಂಚು ಅಲುಗಿದರೂ ದನಿ ಏರಿ ಇಳಿಯುತ್ತಿತ್ತು. 15 ಸೆಂಟಿಮೀಟರಿನಲ್ಲಿ ಒಂದು ಇಂಚು ಅಲುಗಿದರೆ ಗೊತ್ತಾಗುವುದಿಲ್ಲ, 5ರಲ್ಲಿ ಅದು ಅರ್ಧ ದಾರಿ. ವಾಪಸ್ 15ಕ್ಕೇ ಬಂದೆ.

15 ಸೆಂಟಿಮೀಟರ್ ಅಂದರೆ ಒಂದು ಚೋಟು. ಹೆಬ್ಬೆರಳು, ತೋರುಬೆರಳು ಅಗಲಿಸಿದಷ್ಟು. ಓದಲು ಶುರು ಮಾಡುವ ಮುಂಚೆ ತುಟಿಗೆ ಹೆಬ್ಬೆರಳು ತಾಗಿಸಿ ತೋರುಬೆರಳು ಮೈಕಿಗೆ ಮುಟ್ಟುತ್ತದಾ ನೋಡಿದರೆ ಸಾಕು, ಸ್ಕೇಲ್ ಬೇಡ.

ಇನ್ನೊಂದು ತೊಂದರೆ ಉಳಿದಿತ್ತು. ಪ, ಫ, ಬ, ಭ ಬಂದಾಗಲೆಲ್ಲ ಧಪ್ ಅನ್ನುತ್ತಿತ್ತು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು "ಪಾಪ", "ಫಲ", "ಭಯ" ಅಂದು ನೋಡಿ. ಗಾಳಿ ಎಲ್ಲಿ ಬಡಿಯುತ್ತದೆ ಅಂತ ತಿಳಿಯುತ್ತದೆ. ಆ ಗಾಳಿ ನೇರ ಮುಂದಕ್ಕೆ ಹೋಗುತ್ತದೆ, ದನಿ ಮಾತ್ರ ಸುತ್ತಲೂ ಹರಡುತ್ತದೆ. ಅದಕ್ಕೇ ಮೈಕನ್ನು ಬಾಯಿಯ ನೇರಕ್ಕೆ ಇಡಬಾರದು. ಬಾಯಿಯ ಬಲಗಡೆಗೆ ಸುಮಾರು 40 ಡಿಗ್ರಿ ಸರಿಸಿ, ಮೈಕಿನ ಮುಖ ಮಾತ್ರ ತುಟಿಯ ಕಡೆಗೇ ತಿರುಗಿಸಿದೆ. ಪಾಪ್ ಫಿಲ್ಟರ್ ಒಂದರಿಂದಲೇ ಆಗದ ಕೆಲಸ ಈ ಸರಿಸುವಿಕೆಯಿಂದ ಆಯಿತು. ಈಗ ಗಾಳಿ ಮೈಕಿನ ಪಕ್ಕದಿಂದ ಹಾದುಹೋಗುತ್ತದೆ.

ಮೊದಲನೇ ರೋಗ ವಾಸಿಯಾದ ಹಾಗೆ. ಲೆಕ್ಕ ಹಾಕಿ ನೋಡಿ: ಮಾತನ್ನು -26ರಿಂದ -20ಕ್ಕೆ ತರಲು 6 ಏರಿಸಿದರೆ ಸಾಕು. ಮೌನ -62. ಇನ್ನೂ ಸಾಫ್ಟ್‌ವೇರ್ ಮುಟ್ಟಿಲ್ಲ, ಆಗಲೇ ಪಾಸ್.

ಜೂನ್ 8, 9: ಕೌದಿ ಎಲ್ಲಿ ಕಟ್ಟಬೇಕು

ಈಗ ಕೋಣೆಯ ಸರದಿ. ಹತ್ತಿರ ಬಂದದ್ದರಿಂದ ಪ್ರತಿಧ್ವನಿ ಕಡಿಮೆಯಾಗಿತ್ತು, ಹೋಗಿರಲಿಲ್ಲ. "ಕಾಡು" ಅಂದರೆ ಡು ಮುಗಿದ ಮೇಲೂ ಒಂದು ಬಾಲ ಉಳಿಯುತ್ತಿತ್ತು.

ಮೊದಲ ಪ್ರಯೋಗ: ಅಲ್ಮೇರಾ ಬಾಗಿಲು ತೆಗೆದು ಸೀರೆಗಳ ನಡುವೆ ತಲೆ ಹಾಕಿ ಓದಿದೆ. ಬಾಲ ಪೂರ್ತಿ ಹೋಯಿತು. ಆದರೆ ದನಿ ಡಬ್ಬಿಯೊಳಗಿಂದ ಬಂದ ಹಾಗಿತ್ತು. ತಲೆಯ ಮೇಲೆ ರಜಾಯಿ ಹೊದ್ದು ಓದಿದರೂ ಅದೇ ಕಥೆ. ಬಟ್ಟೆ ಸ, ಶ, ಟ ಇಂಥ ಚೂಪು ಸದ್ದನ್ನು ಬೇಗ ನುಂಗುತ್ತದೆ, ಎದೆಯ ಕೆಳದನಿಯನ್ನು ಅಷ್ಟಾಗಿ ನುಂಗುವುದಿಲ್ಲ. ಇಕ್ಕಟ್ಟಿನ ಜಾಗದಲ್ಲಿ ಆ ಕೆಳದನಿ ಒಂದು ಬದಿಯಿಂದ ಇನ್ನೊಂದಕ್ಕೆ ಬಡಿದು ಗುಂಯ್‌ಗುಡುತ್ತದೆ. ಮೇಲಿನದು ಹೋಯಿತು, ಕೆಳಗಿನದು ಉಳಿಯಿತು, ಅದೇ ಡಬ್ಬಿ ದನಿ. ಸುತ್ತ ಸ್ವಲ್ಪ ಜಾಗ ಬೇಕೇ ಬೇಕು.

ಎರಡನೇ ಪ್ರಯೋಗ: ಸೊಳ್ಳೆ ಪರದೆ ಕಟ್ಟುವ ಮೊಳೆಗಳಿಗೆ ನೈಲಾನ್ ಹಗ್ಗ ಕಟ್ಟಿ ಕೌದಿ ಇಳಿಬಿಟ್ಟೆ. ನಮ್ಮ ಅತ್ತೆ ಹೊಲಿದ ಕೌದಿ. ಹಳೆ ಸೀರೆ, ಧೋತರ ಎಲ್ಲಾ ಪದರ ಪದರ ಇಟ್ಟು ದಪ್ಪಕ್ಕೆ ಹೊಲಿದದ್ದು. ತೂಕ ನೋಡಿದರೆ 3 ಕಿಲೋ ಮೀರಿತ್ತು. ಹತ್ತು ನಿಮಿಷಕ್ಕೆ ಒಂದು ಮೊಳೆ ಗಿಲಾವಿನ ಸಮೇತ ಕಿತ್ತು ಬಂತು. ಅತ್ತೆ ಸದ್ದು ಕೇಳಿ ಬಂದರು.

"ಮಂದಿ ಕೌದಿ ಹೊಚ್ಚಿಕೊಂಡು ಮಲಗ್ತಾರ. ನೀ ಗ್ವಾಡಿಗೆ ಯಾಕ ಹೊಚ್ಚಾಕತ್ತೀಯವಾ?"

"ಗ್ವಾಡಿ ಮಾತಾಡಾಕತ್ತೈತ್ರಿ ಅತ್ತಿ, ಬಾಯಿ ಮುಚ್ಚಸಬೇಕು."

ಉಪಾಯ ಕೊಟ್ಟದ್ದು ಅವರೇ. ಎರಡು ಬಿದಿರಿನ ಗಳ ತಂದು ಅಟ್ಟಕ್ಕೂ ಅಲ್ಮೇರಾ ತಲೆಗೂ ಅಡ್ಡ ಇಡು ಅಂದರು. ಗಳಕ್ಕೆ 120ರ ಹಾಗೆ 240, ಕಟ್ಟಲು ಹಗ್ಗ 40. ಅಲ್ಮೇರಾ ಆರೂವರೆ ಅಡಿ, ಅಟ್ಟ ಏಳು ಅಡಿ. ಗಳ ಸ್ವಲ್ಪ ಓರೆ ಕೂತವು, ಅಡ್ಡಿ ಇಲ್ಲ.

ಈಗ ಕೌದಿ ಎಲ್ಲಿ? ಫೋಮ್ ಅಂಟಿಸಿದಾಗ ಮಾಡಿದ ತಪ್ಪು ಈಗ ಅರ್ಥ ಆಯಿತು. ಮೈಕ್ ನನ್ನ ಕಡೆಗೆ ಮುಖ ಮಾಡಿರುತ್ತದೆ. ಅಂದರೆ ಅದು ನನ್ನ ಬಾಯಿಯನ್ನೂ ನೋಡುತ್ತದೆ, ನನ್ನ ತಲೆಯ ಹಿಂದಿನ ಗೋಡೆಯನ್ನೂ ನೋಡುತ್ತದೆ. ಆ ಗೋಡೆಯಿಂದ ಬರುವುದೆಲ್ಲ ನೇರ ಅದರ ಮುಖಕ್ಕೇ. ಮೈಕಿನ ಬೆನ್ನ ಹಿಂದೆ ಎಷ್ಟು ಫೋಮ್ ಅಂಟಿಸಿದರೂ ಆ ಕಡೆ ಅದು ಮೊದಲೇ ಕಿವುಡು. ಮೊದಲ ಕೌದಿ ನನ್ನ ಬೆನ್ನ ಹಿಂದೆ ಬರಬೇಕು.

ಹಾಗೇ ಮಾಡಿದೆ. ನನ್ನ ಬೆನ್ನ ಹಿಂದೆ ಎರಡು ಕೌದಿ ಜೋಡಿಸಿ, ಎಡಕ್ಕೆ ಒಂದು, ಬಲಕ್ಕೆ ಒಂದು ಕಂಬಳಿ ಎರಡು ಮಡಿಕೆ ಮಾಡಿ. ಮುಂದೆ ಖಾಲಿ. ಗೋಡೆಗೂ ಕೌದಿಗೂ ನಡುವೆ ಗೇಣು ಜಾಗ ಬಿಟ್ಟೆ. ಮೊದಲು ಗೋಡೆಗೆ ತಾಗಿಸಿ ಕಟ್ಟಿದ್ದೆ, ಆಮೇಲೆ ಸರಿಸಿ ಕಟ್ಟಿದೆ, ಎರಡನ್ನೂ ರೆಕಾರ್ಡ್ ಮಾಡಿ ಕೇಳಿದೆ. ಜಾಗ ಬಿಟ್ಟಾಗ ಕೆಳದನಿಯ ಗುಂಯ್ ಕಡಿಮೆ. ಗೋಡೆಗೆ ಅಂಟಿದಲ್ಲಿ ಗಾಳಿ ಅಲುಗಾಡುವುದೇ ಇಲ್ಲ, ಬಟ್ಟೆಗೆ ಹಿಡಿಯಲು ಏನೂ ಸಿಗುವುದಿಲ್ಲ. ಗೋಡೆಯಿಂದ ದೂರ ಬಂದಷ್ಟೂ ಗಾಳಿಯ ಓಡಾಟ ಜಾಸ್ತಿ, ಅಲ್ಲಿ ಬಟ್ಟೆ ಇದ್ದರೆ ಉದ್ದ ಅಲೆಗಳೂ ಸ್ವಲ್ಪ ಸಿಕ್ಕಿಬೀಳುತ್ತವೆ. ಒಂದು ಕೌದಿಯಿಂದ ಹೆಚ್ಚಿನ ಕೆಲಸ ತೆಗೆಯುವ ಪುಕ್ಕಟೆ ದಾರಿ ಇದು.

ಮೇಜಿನ ಸನ್‌ಮೈಕಾ ಮೇಲೆ ಟರ್ಕಿ ಟವೆಲ್ ನಾಲ್ಕು ಮಡಿಕೆ. ಇದನ್ನು ಎರಡು ದಿನ ಮರೆತಿದ್ದೆ. ಮೈಕಿಗೆ ಅತಿ ಹತ್ತಿರದ ಗಟ್ಟಿ ಜಾಗ ಅಂದರೆ ಮೇಜೇ. ಟವೆಲ್ ಹಾಕಿದ ಮೇಲೆ ದನಿಯಲ್ಲಿದ್ದ ಒಂದು ಟೊಳ್ಳುತನ ಹೋಯಿತು. ನೆಲಕ್ಕೆ ಚಾಪೆಯ ಮೇಲೆ ಜಮಖಾನ.

ಅಳೆದೆ. ಮಾತು -27, ಮೌನ -69. ಅಂತರ 42, ಮೊದಲಿನಷ್ಟೇ. ಸಂಖ್ಯೆ ಕದಲಲಿಲ್ಲ. ಹೆಡ್‌ಫೋನಿನಲ್ಲಿ ಕೇಳಿದರೆ ಬೇರೆಯೇ ಮನೆ. "ಕಾಡು" ಅಂದರೆ ಡು ಅಲ್ಲೇ ನಿಂತಿತು. ಚಪ್ಪಾಳೆ ತಟ್ಟಿದರೆ ಟಣ್ ಇಲ್ಲ, ಬರೀ ತಪ್.

ಜೂನ್ 11: ಸಾಫ್ಟ್‌ವೇರಿನ ಅತಿಯಾಸೆ

ಪಾಸ್ ಆಗಿದ್ದರೂ -62 ಅನ್ನುವುದು ಅಂಚಿನ ಮೇಲೆ ನಿಂತ ಹಾಗೆ. ರಸ್ತೆಯಲ್ಲಿ ಒಂದು ಆಟೋ ಹೋದರೂ ಫೇಲ್. ಸ್ವಲ್ಪ ನಾಯ್ಸ್ ರಿಡಕ್ಷನ್ ಹಾಕೋಣ ಅಂತ ಕೂತೆ.

ಮಾಡುವ ಕ್ರಮ ಸುಲಭ. ಮಾತಿಲ್ಲದ ಕೆಲವು ಸೆಕೆಂಡ್ ಆರಿಸಿ `Get Noise Profile` ಒತ್ತಬೇಕು. ಆಮೇಲೆ ಪೂರ್ತಿ ಫೈಲ್ ಆರಿಸಿ ಅದೇ ಎಫೆಕ್ಟ್ ಮತ್ತೆ ತೆರೆದು ಹಚ್ಚಬೇಕು. ನಾನು ಧಾರಾಳವಾಗಿ 24 ಡೆಸಿಬೆಲ್ ಕೊಟ್ಟೆ. ಮೌನ ಅಂದರೆ ಮೌನ, ಸ್ಮಶಾನ ಮೌನ. ಬೆನ್ನು ತಟ್ಟಿಕೊಂಡು ಇಡೀ ಮೊದಲನೇ ಕಥೆಗೆ ಹಾಗೇ ಮಾಡಿ ಸೇವ್ ಮಾಡಿದೆ.

ರಾತ್ರಿ ಮಗಳಿಗೆ ಕೇಳಿಸಿದೆ. "ಅಮ್ಮಾ, ನೀರೊಳಗೆ ಕೂತು ಹೇಳ್ತಿದ್ದೀಯಾ?" ಅಂದಳು.

ಮತ್ತೆ ಕೇಳಿದೆ. ಹೌದು. ಮಾತಿನ ಅಂಚಿನಲ್ಲೆಲ್ಲ ಗುಳುಗುಳು. ಅದಕ್ಕಿಂತ ಕೆಟ್ಟದ್ದು, ವಾಕ್ಯದ ಕೊನೆ ಸವೆದುಹೋಗಿತ್ತು. ನಮ್ಮ ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ, ಅದರ ಕೊನೆಯ ಅಕ್ಷರ ಹೇಳುವಷ್ಟರಲ್ಲಿ ಉಸಿರು ಇಳಿದಿರುತ್ತದೆ. "ನರಿ ಓಡಿಹೋಯಿತು" ಅನ್ನುವುದು "ನರಿ ಓಡಿಹೋಯಿ" ಆಗಿತ್ತು. "ಬಂದಳು" ಅನ್ನುವುದು "ಬಂದ" ಆಗಿ ಕಥೆಯ ರಾಣಿ ಗಂಡಸಾಗಿಬಿಟ್ಟಿದ್ದಳು. ಸಾಫ್ಟ್‌ವೇರಿಗೆ ಕನ್ನಡ ಗೊತ್ತಿಲ್ಲ. ಮೌನಕ್ಕಿಂತ ತುಸುವೇ ಜೋರಾಗಿರುವ ಸದ್ದು ಅದಕ್ಕೆ ಕಸವೇ. ಹ, ಸ, ಶ ಕೂಡ ಗಾಳಿಯ ಸದ್ದಿನ ಜಾತಿಯವೇ ಆದ್ದರಿಂದ ಅವೂ ಸವೆಯುತ್ತವೆ.

ಎಷ್ಟು ಹಾಕಿದರೆ ಸರಿ ಅಂತ ಹೇಗೆ ಗೊತ್ತಾಗಬೇಕು? ಅದೇ ಕಿಟಕಿಯಲ್ಲಿ `Residue` ಅನ್ನುವ ಆಯ್ಕೆ ಇದೆ. ಅದನ್ನು ಆರಿಸಿ ಪ್ರಿವ್ಯೂ ಒತ್ತಿದರೆ ಏನನ್ನು ಕಿತ್ತೆಸೆಯುತ್ತಿದ್ದೇವೋ ಅದು ಮಾತ್ರ ಕೇಳುತ್ತದೆ. 24ರಲ್ಲಿ ನನ್ನ ಇಡೀ ಕಥೆ ಪಿಸುಮಾತಿನಲ್ಲಿ ಕಸದ ಬುಟ್ಟಿಯೊಳಗೆ ಕೇಳಿಸಿತು. 12ರಲ್ಲೂ ಅಲ್ಲಲ್ಲಿ ಪದ ತಿಳಿಯುತ್ತಿತ್ತು. 6ಕ್ಕೆ ಇಳಿಸಿದಾಗ ಬರೀ ಸೊಂಯ್. ಅಲ್ಲೇ ನಿಲ್ಲಿಸಿದೆ.

```
Noise reduction (dB): 6
Sensitivity: 6.00
Frequency smoothing (bands): 3
```

ಇನ್ನೊಂದು ತಪ್ಪೂ ಮಾಡಿದ್ದೆ. ಪ್ರೊಫೈಲ್ ತೆಗೆದುಕೊಂಡ ಐದು ಸೆಕೆಂಡಿನಲ್ಲಿ ನಾನು ಒಮ್ಮೆ ಉಸಿರೆಳೆದುಕೊಂಡಿದ್ದೆ. ಆ ಉಸಿರನ್ನೂ ಅದು ಕಸ ಅಂತ ಕಲಿತು ಮುಂದೆ ಎಲ್ಲಾ ಸ, ಶಗಳನ್ನು ಕಡಿಯಿತು. ಹಾಗೆಯೇ ನಿನ್ನೆಯ ಪ್ರೊಫೈಲ್ ಇವತ್ತಿಗೆ ನಡೆಯುವುದಿಲ್ಲ. ಪ್ರತಿ ಸಲ ಕೂತಾಗಲೂ ಮೊದಲು ಉಸಿರು ಬಿಗಿಹಿಡಿದು ಹತ್ತು ಸೆಕೆಂಡ್ ಮೌನ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಅದರಲ್ಲೇ ಒಂದು ತುಂಡು ಕತ್ತರಿಸಿಟ್ಟುಕೊಂಡು, ಕೆಮ್ಮು ತೆಗೆದ ಜಾಗಗಳಿಗೆ ತೇಪೆ ಹಾಕಲೂ ಬಳಸುತ್ತೇನೆ. ಪೂರ್ತಿ ಸೊನ್ನೆ ಮೌನ ತುಂಬಿದರೆ ಫೋನ್ ಕಟ್ ಆದ ಹಾಗೆ ಕೇಳಿಸುತ್ತದೆ.

ಇದೆಲ್ಲಾ ಒಂದೇ ಸಮನೆ ಇರುವ ಸದ್ದಿಗೆ ಮಾತ್ರ. ಫ್ಯಾನು, ಫ್ರಿಜ್ಜು, ಮೈಕಿನ ಸ್ವಂತ ಸೊಂಯ್, ಅಷ್ಟೇ. ಕುಕ್ಕರ್ ಸೀಟಿ, ನಾಯಿ, ಹಾರ್ನ್ ಇದರಿಂದ ಹೋಗುವುದಿಲ್ಲ. ಪ್ರತಿಧ್ವನಿಯಂತೂ ಹೋಗುವುದೇ ಇಲ್ಲ, ಅದು ನನ್ನದೇ ದನಿಯಲ್ಲವೇ.

ಕೊನೆಗೆ ನಿಂತ ಕ್ರಮ ಹೀಗೆ. ಮೊದಲು 80 ಹರ್ಟ್ಸ್‌ಗಿಂತ ಕೆಳಗಿನ ಸ್ವರ ಕಡಿಯುವ ಹೈ-ಪಾಸ್ ಫಿಲ್ಟರ್. ಲಾರಿಯ ಗುಡುಗುಡು, ಮೇಜು ತಾಗಿದ ಧಕ್ ಇಂಥವು ಆ ಗೆರೆಯ ಕೆಳಗಿರುತ್ತವೆ, ನನ್ನ ದನಿ ಅದಕ್ಕಿಂತ ಮೇಲೆಯೇ ಶುರುವಾಗುತ್ತದೆ. ಇದೊಂದರಿಂದಲೇ ಮೌನ ಮೂರು ಡೆಸಿಬೆಲ್ ಇಳಿಯಿತು. ಆಮೇಲೆ 6ರ ನಾಯ್ಸ್ ರಿಡಕ್ಷನ್. ಆಮೇಲೆ ಲೌಡ್‌ನೆಸ್ ನಾರ್ಮಲೈಸೇಷನ್ನಿನಲ್ಲಿ ಆರ್‌ಎಂಎಸ್, ಅಂದರೆ ಸರಾಸರಿ ಮಟ್ಟ, -20. ಕೊನೆಗೆ ಲಿಮಿಟರ್ -3.5, ಯಾಕೆಂದರೆ ಅತಿ ಜೋರಾದ ಜಾಗವೂ -3 ದಾಟಬಾರದು ಅನ್ನುವುದು ಮೂರನೇ ನಿಯಮ. ಎಲ್ಲಾ ಮುಗಿದ ಮೇಲೆ ಮೌನ -71.

ಜೂನ್ 13ರಿಂದ 20: ಓದಿದ್ದು

ಬೆಳಗಿನ ಐದು ಗಂಟೆ ಶಾಂತ ಅಂದುಕೊಂಡಿದ್ದೆ. ಐದೂಕಾಲಿಗೆ ಹಕ್ಕಿ, ಐದೂವರೆಗೆ ಗುಡಿಯ ಮೈಕು. ರಾತ್ರಿ ಹನ್ನೊಂದರ ಮೇಲೆ ಒಳ್ಳೆಯದು, ಆದರೆ ಅಷ್ಟು ಹೊತ್ತಿಗೆ ದನಿ ದಣಿದಿರುತ್ತದೆ. ಕೊನೆಗೆ ಮಧ್ಯಾಹ್ನ ಎರಡರಿಂದ ಮೂರೂವರೆ ಸರಿಹೋಯಿತು. ಓಣಿ ಪೂರ್ತಿ ಮಲಗಿರುತ್ತದೆ. ಸ್ಕೂಲಿದ್ದ ದಿನ ಅದೂ ಇಲ್ಲ.

ಫ್ಯಾನ್ ಇಲ್ಲದೆ ಮೂರು ಕಡೆ ಕೌದಿಯ ನಡುವೆ ಇಪ್ಪತ್ತು ನಿಮಿಷಕ್ಕಿಂತ ಕೂರಲು ಆಗುವುದಿಲ್ಲ. ಬೆವರಿನ ಮೇಲೆ ಬಳೆ ಜಾರಿ ಕಿಣಿ ಅನ್ನುತ್ತಿತ್ತು, ಬಿಚ್ಚಿಟ್ಟೆ. ಕಾಗದದ ಬದಲು ಟ್ಯಾಬ್ ನೋಡಿ ಓದಿದೆ, ಹಾಳೆ ತಿರುಗಿಸುವ ಸದ್ದು ಹೋಯಿತು. ತಪ್ಪಿದಾಗ ರೆಕಾರ್ಡಿಂಗ್ ನಿಲ್ಲಿಸದೆ ಒಂದು ಚಪ್ಪಾಳೆ ತಟ್ಟಿ, ವಾಕ್ಯದ ಮೊದಲಿಂದ ಮತ್ತೆ ಓದುವುದು. ಎಡಿಟ್ ಮಾಡುವಾಗ ಆ ಚಪ್ಪಾಳೆ ಮೊಳೆಯ ಹಾಗೆ ಎದ್ದು ಕಾಣುತ್ತದೆ.

17ಕ್ಕೆ ಮಳೆ ಹಿಡಿಯಿತು. ಹಿಂದಿನ ಮನೆಯ ಮೇಲೆ ಪತ್ರಾಸ್ ಹೊದಿಸಿದ್ದಾರೆ, ಅದರ ಮೇಲೆ ಬೀಳುವ ಮಳೆಗೆ ಯಾವ ಕೌದಿಯೂ ಇಲ್ಲ, ಯಾವ ಎಫೆಕ್ಟೂ ಇಲ್ಲ. ಅಳೆದು ನೋಡಿದೆ, ಮೌನ -41. ಎರಡು ದಿನ ರಜೆ.

ಖರ್ಚು: ಬೂಮ್ ಆರ್ಮ್ 950, ಪಾಪ್ ಫಿಲ್ಟರ್ 280, ವೈರ್ 220, ಗಳ ಮತ್ತು ಹಗ್ಗ 280. ಒಟ್ಟು 1,730. ಫೋಮಿನ 900 ಬೇರೆ ದಂಡ. ಹಾಲಿನದು ಲೆಕ್ಕಕ್ಕೆ ಹಿಡಿದಿಲ್ಲ.

ಜೂನ್ 27: ಉತ್ತರ

11ರಲ್ಲಿ 9 ಪಾಸ್. ನಾಲ್ಕನೇ ಕಥೆಯಲ್ಲಿ ಒಂದು ಕಡೆ ಹಲ್ಲಿ ಲೊಚಗುಟ್ಟಿದೆ, ನಾನು ಕೇಳಿಸಿಕೊಂಡೇ ಇರಲಿಲ್ಲ. ಏಳನೇ ಕಥೆಯ ಎರಡನೇ ಅರ್ಧದಲ್ಲಿ ದನಿ ತೆಳುವಾಗಿದೆ, ದೂರ ಹೋಗಿದೆ ಅಂದಿದ್ದಾರೆ. ಎರಡೂ ಭಾಗ ತೆರೆದು ಅಳೆದೆ. ಮೊದಲರ್ಧ -27, ಎರಡನೆಯದು -31. ನಡುವೆ ನೀರು ಕುಡಿಯಲು ಎದ್ದು ಬಂದು ಚೋಟು ಅಳೆಯದೆ ಕೂತುಬಿಟ್ಟಿದ್ದೆ. 4 ಡೆಸಿಬೆಲ್ ಅಂದರೆ 15 ಸೆಂಟಿಮೀಟರ್ ಇದ್ದದ್ದು 24ರ ಹತ್ತಿರ ಹೋಗಿದೆ. ಜೋರು ಮಾಡಿ ಸರಿದೂಗಿಸಲು ನೋಡಿದೆ. ಮಟ್ಟ ಸರಿಹೋಯಿತು, ದನಿಯ ದಪ್ಪ ಬರಲಿಲ್ಲ, ಕೋಣೆ ಮತ್ತೆ ಕೇಳತೊಡಗಿತು. ಮತ್ತೆ ಓದಲೇಬೇಕು.

ಈಗ ಬೂಮ್ ಆರ್ಮಿನ ತುದಿಗೆ 15 ಸೆಂಟಿಮೀಟರ್ ದಾರ ಕಟ್ಟಿ ಗಂಟು ಹಾಕಿದ್ದೇನೆ. ಗಂಟು ತುಟಿಗೆ ತಾಗಿದ ಮೇಲೆಯೇ ಓದುವುದು.

ಭಾನುವಾರ ಎರಡನ್ನೂ ಮುಗಿಸಬೇಕು. ಒಂದೇ ತೊಂದರೆ, ಮಳೆಗೆ ಚಳಿ ಶುರುವಾಗಿದೆ ಅಂತ ಅತ್ತೆ ನಿನ್ನೆ ಬೆನ್ನ ಹಿಂದಿನ ಒಂದು ಕೌದಿ ಬಿಚ್ಚಿ ಒಯ್ದರು. ಆ ಜಾಗಕ್ಕೆ ಬಲಗಡೆಯ ಕಂಬಳಿ ತಂದು ಕಟ್ಟಿದ್ದೇನೆ. ಬಲಗಡೆ ಸದ್ಯಕ್ಕೆ ಹಾಸಿಗೆ ಎತ್ತಿ ನಿಲ್ಲಿಸಿದ್ದೇನೆ. ಇನ್ನೂ ಅಳೆದಿಲ್ಲ.